ಸೆಟ್ ಆಗುತ್ತೆ ಮೇಡಂ

ಗ್ಯಾಸ್ ಸಿಲಿಂಡರ್ ತಂದ ಹುಡುಗ ಬಾಗಿಲಲ್ಲಿ ನಿಂತು ಓಟಿಪಿ ಕೇಳುತ್ತಿದ್ದ. ನನ್ನ ಕೈ ತುಂಬ ಚಪಾತಿ ಹಿಟ್ಟು. ಮೊದಲಾಗಿದ್ದರೆ ಹೆಬ್ಬೆರಳು ಒರೆಸಿ ಒತ್ತಿದರೆ ಸಾಕಿತ್ತು, ಫೋನು ತೆರೆದುಕೊಳ್ಳುತ್ತಿತ್ತು. ಈಗ ಪಿನ್ ಒತ್ತಬೇಕು. 5 ಒತ್ತಿದರೆ 8 ಬೀಳುತ್ತದೆ, 8 ಒತ್ತಿದರೆ ಏನೂ ಬೀಳುವುದಿಲ್ಲ. ಕೊನೆಗೆ ಫೋನು ಮೂವತ್ತು ಸೆಕೆಂಡು ಕಾಯಿರಿ ಅಂದಿತು. ಸಿಲಿಂಡರ್ ಹುಡುಗ ಕಾಯುವವನಲ್ಲ ಅಂತ ಅದಕ್ಕೇನು ಗೊತ್ತು!

ರಿಪೇರಿ ಆಗಿ ಬಂದ ಫೋನಿನ ಕಥೆ ಇದು. ರಿಪೇರಿಗೆ ಹೋಗುವ ಮೊದಲು ಅದಕ್ಕಿದ್ದ ಕಾಯಿಲೆ ಒಂದೇ. ಅಡುಗೆಮನೆ ಕಟ್ಟೆಯಿಂದ ಬಿದ್ದು ಮೇಲಿನ ಗಾಜು ಬಿರುಕು ಬಿಟ್ಟಿತ್ತು. ಒಳಗಿನ ಚಿತ್ರ ಚೆನ್ನಾಗೇ ಬರುತ್ತಿತ್ತು, ಟಚ್ ಸರಿಯಿತ್ತು, ಬೆರಳೂ ಹಿಡಿಯುತ್ತಿತ್ತು. ಬೆರಳು ಚುಚ್ಚುತ್ತದೆ ಅಂತ ಬದಲಾಯಿಸಲು ಹೊರಟೆ, ಅಷ್ಟೆ. ಕಂಪನಿ ಸರ್ವಿಸ್ ಸೆಂಟರಿನವರು ಹೇಳಿದ ರೇಟಿನ ಅರ್ಧಕ್ಕೆ, 4,500 ರೂಪಾಯಿಗೆ, ನಮ್ಮ ಬಸ್ ಸ್ಟಾಪ್ ಎದುರಿನ ಅಂಗಡಿಯವರು ಒಪ್ಪಿಕೊಂಡರು.

"ಒರಿಜಿನಲ್ ತಾನೆ?" ಅಂತ ಕೇಳಿದ್ದೆ.

"ಒರಿಜಿನಲ್‌ನಲ್ಲೇ ಮೂರು ಥರ ಬರುತ್ತೆ ಮೇಡಂ. ನಿಮಗೆ ಒಳ್ಳೇದೇ ಹಾಕ್ತೀನಿ."

ಸಂಜೆ ನಮ್ಮನೆಯವರ ಫೋನಿಗೆ ಅಂಗಡಿಯಿಂದ ಕರೆ ಬಂತು. "ಮೇಡಂ, ಜೀಮೇಲ್ ಪಾಸ್‌ವರ್ಡ್ ಬೇಕಿತ್ತು." ಯಾಕೆ ಅಂದೆ. "ಫೋನು ಕೇಳ್ತಿದೆ. ಫುಲ್ ಹೊಸದಾಗಿದೆ ಮೇಡಂ ಈಗ," ಅಂದರು. ದನಿಯಲ್ಲಿ ಹೆಮ್ಮೆ ಇತ್ತು. ಗಾಜು ಹೊಸದಾಗಿದೆ ಅಂದುಕೊಂಡು ನಾನೂ ಖುಷಿಪಟ್ಟೆ. ಹೋಗಿ ನೋಡಿದರೆ ಫೋನು ನನ್ನನ್ನೇ ಯಾವ ಭಾಷೆ, ಯಾವ ದೇಶ ಅಂತ ವಿಚಾರಿಸುತ್ತಿದೆ! ಒಳಗಿದ್ದದ್ದೆಲ್ಲ ಅಳಿಸಿಹೋಗಿತ್ತು.

ಆಮೇಲೆ ಶುರುವಾಯಿತು ನನ್ನ ಅಂಗಡಿ ಯಾತ್ರೆ. ಅಂಗಡಿಯವರು ಜಗಳಗಂಟರಲ್ಲ, ಅದೇ ಕಷ್ಟ. ಮುಖದಲ್ಲಿ ನಗು, ಕೂರಲು ಸ್ಟೂಲು, ಬಾಯಲ್ಲಿ ಒಂದೇ ಮಾತು. ಬಣ್ಣ ನೀಲಿ ಹೊಡೀತಿದೆ ಅಂದೆ. "ಯೂಸ್ ಮಾಡ್ತಾ ಮಾಡ್ತಾ ಸೆಟ್ ಆಗುತ್ತೆ ಮೇಡಂ." ಚಾರ್ಜ್ ಸಂಜೆಯೊಳಗೆ ಮುಗೀತಿದೆ ಅಂದೆ. "ಬ್ಯಾಟರಿ ಹೊಸ ಡಿಸ್‌ಪ್ಲೇಗೆ ಸೆಟ್ ಆಗಬೇಕಲ್ಲ, ಆಗುತ್ತೆ." ಬೆರಳು ಹಿಡೀತಿಲ್ಲ ಅಂದೆ. ಅದಕ್ಕೆ ಅವರು ನನ್ನ ಹೆಬ್ಬೆರಳನ್ನೇ ತಿರುಗಿಸಿ ನೋಡಿದರು. "ಪಾತ್ರೆ ತೊಳೆದು ಗೆರೆ ಸವೆದಿರುತ್ತೆ ಮೇಡಂ. ಒಂದು ವಾರ ಸೋಪು ಮುಟ್ಟಬೇಡಿ, ಸೆಟ್ ಆಗುತ್ತೆ." ಇದೊಂದು ಸಲಹೆ ನನಗೆ ಹಿಡಿಸಿತು. ಮನೆಗೆ ಬಂದು ನಮ್ಮನೆಯವರಿಗೆ ಒಪ್ಪಿಸಿದೆ. ಅವರು ಒಂದೇ ಹೊತ್ತು ಪಾತ್ರೆ ತೊಳೆದರು. ಆ ಮೇಲೆ, ತಮ್ಮ ಬೆರಳಿಗೂ ಫೋನು ತೆರೆಯುತ್ತಿಲ್ಲ ಅಂತ ಸಾಬೀತು ಮಾಡಿ ಕೈ ಒರೆಸಿಕೊಂಡರು.

ಎಲ್ಲಕ್ಕಿಂತ ದೊಡ್ಡ ಕಾಟ ಕೂದಲಿನದು. ಹೊಸ ಡಿಸ್‌ಪ್ಲೇ ಫ್ರೇಮಿನೊಳಗೆ ಪೂರ್ತಿ ಕೂತಿಲ್ಲ. ಒಂದು ಪಕ್ಕ ಎದ್ದು ನಿಂತಿದೆ. ಆ ಸಂದಿಗೆ ಕಿವಿ ಹತ್ತಿರದ ಕೂದಲು ಸಿಕ್ಕಿಕೊಳ್ಳುತ್ತದೆ. ಮಾತು ಮುಗಿಸಿ ಫೋನು ಕೆಳಗಿಳಿಸಿದರೆ ಕಿತ್ತುಕೊಂಡೇ ಬರುತ್ತದೆ. ಇದನ್ನೂ ಹೇಳಿದೆ. ಅಂಗಡಿಯವರು ಗಂಭೀರವಾಗಿ ನೋಡಿ, "ಸ್ಪೀಕರ್‌ನಲ್ಲಿ ಮಾತಾಡ್ತಾ ಇರಿ, ಅಷ್ಟರಲ್ಲಿ ಸೆಟ್ ಆಗುತ್ತೆ," ಅಂದರು. ಡಿಸ್‌ಪ್ಲೇ ಸೆಟ್ ಆಗುತ್ತಾ, ನನ್ನ ತಲೆಯೇ ಸೆಟ್ ಆಗಬೇಕಾ ಅಂತ ಹೇಳಲಿಲ್ಲ.

ಭಾನುವಾರ ನಮ್ಮಣ್ಣನ ಮಗ ಬಂದ. ಫೋನು ಬಿಚ್ಚಿ ಜೋಡಿಸುವ ಹುಚ್ಚು ಇರುವವನು. ನಾನು ಗೋಳು ಹೇಳಿ ಮುಗಿಸುವ ಮೊದಲೇ, "ಅತ್ತೆ, ಲೈಟ್ ಆರಿಸಿ," ಅಂದ. ಹಗಲಲ್ಲವಾ, ಕತ್ತಲಿಗಾಗಿ ಇಬ್ಬರೂ ರಗ್ಗು ಹೊದ್ದು ಕೂತೆವು. ಪೂರ್ತಿ ಕಪ್ಪಗಿರುವ ಒಂದು ಚಿತ್ರ ತೆರೆದು ಬ್ರೈಟ್‌ನೆಸ್ ಏರಿಸಿದ. ಕಪ್ಪು ಕಪ್ಪಾಗಿರಲಿಲ್ಲ. ಮಂಕು ಬೂದಿ ಬಣ್ಣದಲ್ಲಿ ಹೊಳೆಯುತ್ತಿತ್ತು, ಅಂಚಿನಲ್ಲಿ ಬೆಳಕು ಸೋರುತ್ತಿತ್ತು.

"ನಿಮ್ಮದು ಅಮೋಲೆಡ್ ಇತ್ತು. ಅದರಲ್ಲಿ ಒಂದೊಂದು ಚುಕ್ಕಿಯೂ ತಾನೇ ಉರಿಯುತ್ತೆ. ಕಪ್ಪು ಬೇಕಾದ ಕಡೆ ಸುಮ್ನೆ ಆರಿಹೋಗುತ್ತೆ. ಇವರು ಹಾಕಿರೋದು ಎಲ್‌ಸಿಡಿ ಕಾಪಿ. ಹಿಂದೆ ಒಂದು ಬ್ಯಾಕ್‌ಲೈಟ್ ಸದಾ ಉರೀತಾನೇ ಇರುತ್ತೆ. ಆ ಪದರ ಜಾಸ್ತಿ ಇರೋದಕ್ಕೇ ದಪ್ಪ, ಫ್ರೇಮಿನಲ್ಲಿ ಕೂರಲ್ಲ."

ಬೆರಳು? ಅಲ್ಲೇ ಇತ್ತು ಅಸಲು ವಿಷಯ. ನನ್ನ ಫೋನಿನಲ್ಲಿ ಬೆರಳು ಓದುವ ಸೆನ್ಸರ್ ಡಿಸ್‌ಪ್ಲೇ ಅಡಿಯಲ್ಲಿದೆ. ಬೆರಳಿಟ್ಟಾಗ ಪರದೆ ಬೆಳಕು ಚೆಲ್ಲುತ್ತದೆ, ಗೆರೆಗಳಿಗೆ ತಾಗಿದ ಬೆಳಕು ಅಮೋಲೆಡ್ಡಿನ ಚುಕ್ಕಿಗಳ ಸಂದಿಯಿಂದ ಕೆಳಗಿಳಿಯುತ್ತದೆ, ಸೆನ್ಸರ್ ಅದರ ಫೋಟೊ ತೆಗೆಯುತ್ತದೆ. ಈ ಕಾಪಿಯಲ್ಲಿ ನಡುವೆ ಬ್ಯಾಕ್‌ಲೈಟಿನ ಹಾಳೆ ಅಡ್ಡ. ಸೆನ್ಸರಿಗೆ ಏನೂ ಕಾಣುವುದಿಲ್ಲ. ವಾರ ಅಲ್ಲ, ವರ್ಷಗಟ್ಟಲೆ ಸೋಪು ಬಿಟ್ಟರೂ ಕಾಣುವುದಿಲ್ಲ.

"ಡಿಸ್‌ಪ್ಲೇ ಬದಲಾಯಿಸೋಕೆ ಡೇಟಾ ಮುಟ್ಟಬೇಕಾದ್ದೇ ಇಲ್ಲ ಅತ್ತೆ. ಟಚ್ ಸರಿ ಬರ್ಲಿಲ್ಲ, ಫಿಂಗರ್‌ಪ್ರಿಂಟ್ ಸುಳಿವೇ ಇಲ್ಲ. ಸಾಫ್ಟ್‌ವೇರ್ ಪ್ರಾಬ್ಲಮ್ ಇರಬೇಕು ಅಂತ ರಿಸೆಟ್ ಹೊಡೆದಿದ್ದಾರೆ. ರಿಕವರಿ ಮೋಡಿನಿಂದ ಹೊಡೆದರೆ ಪಿನ್ ಬೇಡ. ಆದ್ರೆ ಆನ್ ಆದ ಮೇಲೆ ಹಳೇ ಜೀಮೇಲ್ ಕೇಳುತ್ತೆ, ಕಳ್ಳರು ಬಳಸಬಾರದು ಅಂತ. ಅದಕ್ಕೇ ನಿಮಗೆ ಕರೆ ಬಂತು."

ಅಂದರೆ ಅಗ್ಗದ ಸಾಮಾನು ಹಾಕಿದ್ದಕ್ಕೆ ಬೆರಳು ಹೋಯಿತು, ಬೆರಳು ಹೋಗಿದ್ದಕ್ಕೆ ಡೇಟಾ ಹೋಯಿತು. ನನಗೆ ಎರಡು ತಕರಾರು ಅನ್ನಿಸಿದ್ದು ಒಂದೇ ಆಗಿತ್ತು.

ಫೋಟೊಗಳು ಮೋಡದಲ್ಲೆಲ್ಲೋ ಇದ್ದವು, ಬಂದವು. ವಾಟ್ಸಾಪ್ ಬರಲಿಲ್ಲ. 2024ರಿಂದ ಅದರ ಬ್ಯಾಕಪ್ಪೂ ಗೂಗಲ್‌ನ 15 ಜಿಬಿ ಲೆಕ್ಕಕ್ಕೇ ಸೇರುತ್ತದೆ. ನನ್ನದು ಯಾವತ್ತೋ ತುಂಬಿ ನಿಂತಿತ್ತು. ಆ ಹಳೇ ವಾಟ್ಸಾಪಿನಲ್ಲಿ ನಮ್ಮ ಮಾವನವರ ದನಿ ಇತ್ತು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು. ಮಳೆಗಾಲದಲ್ಲಿ ಬೆಳಗ್ಗೆ ಮಳೆ ಅಳತೆಯ ಪಾತ್ರೆ ನೋಡಿ ನನಗೊಂದು ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. "ನಿನ್ನೆ ಮೂರೂವರೆ ಇಂಚು. ಔಷಧಿ ಹೊಡೆಯೋಕೆ ಬಿಡ್ಲಿಲ್ಲ." ಅಷ್ಟೇ, ಬೇರೆ ಮಾತಿಲ್ಲ. ಹಿಂದೆ ಜೀರುಂಡೆ ಸದ್ದು, ಅತ್ತೆಯವರು ಕಾಫಿಗೆ ಕರೆಯುವ ಸದ್ದು. ಹೋದ ವರ್ಷ ಮಾವ ಹೋದರು. ಮಳೆ ಜೋರಾದ ದಿನ ನಾನು ಅದರಲ್ಲೊಂದನ್ನು ಹಾಕಿಕೊಂಡು ಕೇಳುತ್ತಿದ್ದೆ.

ಇದನ್ನು ಅಂಗಡಿಯವರಿಗೆ ಹೇಳಿದೆ. ಮೊದಲ ಸಲ ನಗು ಕಡಿಮೆಯಾಯಿತು. "ರಿಕವರಿ ಸಾಫ್ಟ್‌ವೇರ್ ಇದೆ ಮೇಡಂ. ಎರಡು ಸಾವಿರ ಆಗುತ್ತೆ." ಅಣ್ಣನ ಮಗ ಪಕ್ಕದಲ್ಲೇ ಇದ್ದ. "ಅಂಕಲ್, ಈಗಿನ ಫೋನಲ್ಲಿ ಎಲ್ಲ ಎನ್‌ಕ್ರಿಪ್ಟ್ ಆಗಿರುತ್ತೆ. ರಿಸೆಟ್ ಹೊಡೆದ್ರೆ ಕೀ ಹೋಗುತ್ತೆ. ಬೀಗದ ಒಳಗೆ ಏನಿದ್ರೂ ಯಾರಿಗೂ ತೆಗೆಯೋಕಾಗಲ್ಲ," ಅಂದ. ಅವರು ರೇಟು ಒಂದು ಸಾವಿರಕ್ಕೆ ಇಳಿಸಿದರು.

ಆಗ ನನಗೆ ಪಿತ್ತ ನೆತ್ತಿಗೇರಿತು. ಹಾಕಿದ್ದು ಯಾವ ಡಿಸ್‌ಪ್ಲೇ ಅಂತ ಬಿಲ್ಲಿನಲ್ಲಿ ಬರೆದುಕೊಡಿ, ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ ಅಂದೆ. ಅವರು ಚೀಟಿ ತಿರುಗಿಸಿ, ಮುರುಗಿಸಿ ನೋಡಿದರು. "ಅಷ್ಟೆಲ್ಲ ಯಾಕೆ ಮೇಡಂ, ದುಡ್ಡು ವಾಪಸ್ ಕೊಡ್ತೀನಿ. ಡಿಸ್‌ಪ್ಲೇ ಬಿಚ್ಚಿಕೊಂಡುಬಿಡ್ತೀನಿ."

"ಆಯ್ತು. ನನ್ನ ಹಳೇದನ್ನ ಹಾಕಿಕೊಡಿ."

"ಅದೆಲ್ಲಿ ಮೇಡಂ, ಎಸ್‌.ಪಿ. ರೋಡ್ ಮಾರ್ಕೆಟ್ಟಿಗೆ ಹೋಯ್ತಲ್ಲ."

ಹಿಂದಿನ ಸಲ ಕೇಳಿದಾಗ ಕಸಕ್ಕೆ ಹಾಕಿದೆ ಅಂದಿದ್ದರು. ಅಣ್ಣನ ಮಗ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಒಳಗಿನ ಪ್ಯಾನೆಲ್ ಚೆನ್ನಾಗಿದ್ರೆ ಮೇಲಿನ ಗಾಜು ಮಾತ್ರ ಬದಲಾಯಿಸಿ ಮತ್ತೆ ಮಾರ್ತಾರೆ ಅತ್ತೆ. ಒಡೆದದ್ದಕ್ಕೂ ದುಡ್ಡು ಬರುತ್ತೆ."

"ಎಷ್ಟಕ್ಕೆ ಹೋಯ್ತು?" ಅಂತ ಕೇಳಿದೆ.

ಅಂಗಡಿಯವರು ನನ್ನ ಪಕ್ಕ ನಿಂತಿದ್ದ ಗಿರಾಕಿಯ ಕಡೆ ತಿರುಗಿ, "ನಿಮಗೆ ಟೈಪ್ ಸಿ ಚಾರ್ಜರ್ ತಾನೆ ಸರ್?" ಅಂದರು. ಆತ ಬಂದಿದ್ದು ಸಿಮ್ ರೀಚಾರ್ಜಿಗೆ.