ಅರವತ್ತು ಗಂಟೆ ಕೆಲಸಕ್ಕೆ ಯಾವ ತಾರೀಕು ಹೇಳಬೇಕು?

ನಮ್ಮ ತುಮಕೂರಿನಲ್ಲಿ ಸಣ್ಣಪುಟ್ಟ ಸಾಫ್ಟ್‌ವೇರ್ ಮಾಡಿಕೊಡುವವರು ಈಗ ಬೇಕಾದಷ್ಟು ಜನ ಇದ್ದೇವೆ. ಅಂಗಡಿ ಬಿಲ್ಲಿಂಗ್, ಮಂಡಿ ಲೆಕ್ಕ, ಶಾಲೆ ಫೀಸು, ಹೀಗೆ. ನಮ್ಮ ಮೇಲೆ ಗಿರಾಕಿಗಳ ದೂರು ಒಂದೇ: "ಹೇಳಿದ ದಿನಕ್ಕೆ ಕೊಡಲ್ಲ." ಹುಡುಗರು ಸೋಮಾರಿಗಳು ಅಂತ ಅವರಂದುಕೊಳ್ಳುತ್ತಾರೆ. ನನ್ನ ಪ್ರಕಾರ ಬಹಳ ಸಲ ತಪ್ಪಾಗುವುದು ಕೆಲಸದಲ್ಲಿ ಅಲ್ಲ, ತಾರೀಕು ಹೇಳುವ ಲೆಕ್ಕದಲ್ಲಿ. ನಾವು ಮಾಡಿದ ಒಂದು ಕೆಲಸವನ್ನೇ ಇಟ್ಟುಕೊಂಡು ಆ ಲೆಕ್ಕ ಬಿಡಿಸಿ ತೋರಿಸುತ್ತೇನೆ.

ತಿಪಟೂರಿನ ಒಬ್ಬ ಕೊಬ್ಬರಿ ವ್ಯಾಪಾರಿಗೆ ದಾಸ್ತಾನು ಮತ್ತು ಬಿಲ್ಲಿನ ಸಾಫ್ಟ್‌ವೇರ್ ಬೇಕಿತ್ತು. 2025ರ ಸೆಪ್ಟೆಂಬರ್ 22, ಸೋಮವಾರ ಕೆಲಸ ಶುರು. ನಮ್ಮ ಕಡೆಯಿಂದ ಒಬ್ಬಳೇ ಹುಡುಗಿ ಮಾಡುವ ಕೆಲಸ. ಬಿಡಿಬಿಡಿಯಾಗಿ ಬರೆದಾಗ ಆರು ಭಾಗ ಆಯಿತು. ದಾಸ್ತಾನು ನಮೂದಿಸುವ ಪರದೆಗೆ 10 ಗಂಟೆ, ಬಿಲ್ ಪ್ರಿಂಟ್‌ಗೆ 12, ತೆರಿಗೆ ಲೆಕ್ಕಕ್ಕೆ 8, ಅವರ ಹಳೇ ಎಕ್ಸೆಲ್ ಲೆಕ್ಕವನ್ನು ಹೊಸದಕ್ಕೆ ತರಲು 8, ವರದಿಗಳಿಗೆ 10, ಪರೀಕ್ಷೆ ಮತ್ತು ತಿದ್ದುಪಡಿಗೆ 12. ಒಟ್ಟು 60 ಗಂಟೆ.

ಇಲ್ಲಿಂದ ಜನ ಏನು ಮಾಡುತ್ತಾರೆ? ದಿನಕ್ಕೆ 8 ಗಂಟೆ, ಏಳೂವರೆ ದಿನ, ಹೆಚ್ಚೆಂದರೆ ಎಂಟು ದಿನ ಅಂತಾರೆ. ಶನಿವಾರ, ಭಾನುವಾರ ಬಿಟ್ಟು ಎಣಿಸಿದರೆ ಅಕ್ಟೋಬರ್ 1 ಬರುತ್ತದೆ. ಅವತ್ತು ಆಯುಧಪೂಜೆ! ವ್ಯಾಪಾರಿಗೂ ಅದೇ ಬೇಕಿತ್ತು. "ಕಂಪ್ಯೂಟರ್‌ಗೆ ಪೂಜೆ ಮಾಡಿ ಅವತ್ತೇ ಶುರು ಮಾಡೋಣ ಕಣಪ್ಪ" ಅಂದರು. ಅಂಥ ಹೊತ್ತಲ್ಲಿ ಹೂಂ ಅನ್ನುವುದು ಬಹಳ ಸುಲಭ.

ಆದರೆ ಆ ಎಂಟು ಗಂಟೆ ಎಲ್ಲಿದೆ? ಬೆಳಿಗ್ಗೆ ಹತ್ತಕ್ಕೆ ಬಂದು ಸಂಜೆ ಆರಕ್ಕೆ ಎದ್ದರೆ ಊಟವೂ ಅದರಲ್ಲೇ ಸೇರಿರುತ್ತದೆ. ಹಳೇ ಗಿರಾಕಿ ಫೋನ್ ಮಾಡಿ "ಪ್ರಿಂಟ್ ಬರ್ತಿಲ್ಲ" ಅಂದರೆ ಅರ್ಧ ಗಂಟೆ ಹೋಯಿತು. ಕರೆಂಟ್ ಹೋದರೆ ಇನ್ನಷ್ಟು. ನಮ್ಮ ಆಫೀಸಿನಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಅಂತ ದಿನಾ ಬರೆದಿಡುತ್ತೇವೆ. ಒಂದು ದಿನದಲ್ಲಿ ಹೊಸ ಕೆಲಸಕ್ಕೆ ನಿಜವಾಗಿ ಸಿಗುವುದು 5 ಗಂಟೆ. ನಿಮ್ಮಲ್ಲಿ ಅದು ನಾಲ್ಕಿರಬಹುದು, ಆರಿರಬಹುದು. ಸುಮ್ನೆ ಅಂದಾಜು ಮಾಡಬೇಡಿ, ಎರಡು ವಾರ ಬರೆದು ನೋಡಿ. ಐದರ ಲೆಕ್ಕದಲ್ಲಿ 60 ಗಂಟೆ ಅಂದರೆ 12 ದಿನ.

ಈಗ ಬಫರ್, ಅಂದರೆ ಏನಾದರೂ ಕೆಟ್ಟರೆ ಇರಲಿ ಅಂತ ಇಟ್ಟುಕೊಳ್ಳುವ ಹೆಚ್ಚುವರಿ ಸಮಯದ ವಿಷಯ. ಹೆಚ್ಚಿನವರು ಪ್ರತಿ ಕೆಲಸಕ್ಕೂ ಗುಟ್ಟಾಗಿ ಒಂದಿಷ್ಟು ಸೇರಿಸಿಬಿಡುತ್ತಾರೆ. 10 ಇದ್ದಲ್ಲಿ 16, 12 ಇದ್ದಲ್ಲಿ 24. ಇದನ್ನು ನಾನು ಒಪ್ಪುವುದಿಲ್ಲ. 16 ಗಂಟೆ ಇದೆ ಅಂತ ಗೊತ್ತಾದರೆ 10 ಗಂಟೆಯ ಕೆಲಸವೂ 16ಕ್ಕೆ ಹಿಗ್ಗುತ್ತದೆ. ಬೇಗ ಮುಗಿದ ಕೆಲಸದಿಂದ ಉಳಿದ ಸಮಯ ಎಲ್ಲಿ ಹೋಯಿತು ಅಂತಲೇ ತಿಳಿಯುವುದಿಲ್ಲ. ಅದರ ಬದಲು ಪ್ರತಿ ಕೆಲಸಕ್ಕೂ ಎರಡು ಅಂಕಿ ಕೇಳಿ. ಸಾಮಾನ್ಯವಾಗಿ ಎಷ್ಟು ಹಿಡಿಯುತ್ತದೆ? ಏನಾದರೂ ಕೆಟ್ಟರೆ ಎಷ್ಟಾಗಬಹುದು? ನಮ್ಮ ಆರು ಕೆಲಸಗಳಿಗೆ ಎರಡನೇ ಅಂಕಿ ಕ್ರಮವಾಗಿ 16, 24, 12, 24, 16, 20 ಬಂತು. ಮೊದಲಿನದನ್ನು ಕಳೆದರೆ 6, 12, 4, 16, 6, 8 ಗಂಟೆಯ ವ್ಯತ್ಯಾಸ. ಹಳೇ ಲೆಕ್ಕ ತರುವ ಕೆಲಸಕ್ಕೇ 16 ಇದೆ ನೋಡಿ. ಅಪಾಯ ಎಲ್ಲಿದೆ ಅಂತ ಇಲ್ಲೇ ಗೊತ್ತಾಗುತ್ತದೆ.

ಈ ವ್ಯತ್ಯಾಸಗಳನ್ನೆಲ್ಲ ನೇರವಾಗಿ ಕೂಡಿಸಿದರೆ 52 ಗಂಟೆ. ಅಷ್ಟು ಬೇಕಿಲ್ಲ, ಯಾಕೆಂದರೆ ಆರೂ ಕೆಲಸ ಒಟ್ಟಿಗೆ ಕೆಡುವುದು ಅಪರೂಪ. ಒಂದೊಂದರ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ ಸಾಕು:

```
√(6² + 12² + 4² + 16² + 6² + 8²) = √552 ≈ 23.5
```

ಇದನ್ನು 24 ಗಂಟೆ ಅಂತ ಹಿಡಿದೆವು. ಈ 24 ಗಂಟೆ ಯಾವ ಕೆಲಸದ್ದೂ ಅಲ್ಲ, ಎಲ್ಲರ ಕಣ್ಣಿಗೂ ಕಾಣುವ ಹಾಗೆ ಕೊನೆಯಲ್ಲಿ ಒಂದೇ ಕಡೆ ಇರುತ್ತದೆ. 60ಕ್ಕೆ 24 ಸೇರಿ 84. ಐದರಿಂದ ಭಾಗಿಸಿದರೆ 16.8, ಅಂದರೆ 17 ಕೆಲಸದ ದಿನ.

ಒಂದು ಎಚ್ಚರಿಕೆ ಇದೆ. ವರ್ಗಮೂಲದ ಲೆಕ್ಕ ನಿಲ್ಲುವುದು ಒಂದು ಕೆಲಸದ ತೊಂದರೆ ಇನ್ನೊಂದಕ್ಕೆ ಅಂಟದಿದ್ದಾಗ ಮಾತ್ರ. ಗಿರಾಕಿಯ ಹಳೇ ಲೆಕ್ಕವೇ ಗಲೀಜಾಗಿದ್ದರೆ ವರದಿಯೂ ಕೆಡುತ್ತದೆ, ಪರೀಕ್ಷೆಯೂ ಎಳೆಯುತ್ತದೆ. ಆ ಅನುಮಾನ ಇದ್ದರೆ ಬಫರ್ 24ಕ್ಕಿಂತ ಮೇಲಿರಲಿ. ಮಧ್ಯದಲ್ಲಿ "ಇದೊಂದು ಸೇರಿಸಿಬಿಡಿ" ಅಂತ ಬರುವ ಹೊಸ ಬೇಡಿಕೆಗೆ ಬಫರ್ ಮುಟ್ಟಬಾರದು. ಅದಕ್ಕೆ ಬೇರೆ ಗಂಟೆ, ಬೇರೆ ತಾರೀಕು.

ಇನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ಬೆರಳಿಟ್ಟು ಎಣಿಸಬೇಕು. ಮೊದಲ ವಾರ 5 ದಿನ. ಎರಡನೇ ವಾರ ಸೋಮವಾರ, ಮಂಗಳವಾರ ಎರಡೇ. ಅಕ್ಟೋಬರ್ 1 ಆಯುಧಪೂಜೆ, 2 ವಿಜಯದಶಮಿ. 3ನೇ ತಾರೀಕು ಶುಕ್ರವಾರ, ಊರಿಗೆ ಹೋದವರು ಒಂದು ದಿನಕ್ಕೋಸ್ಕರ ವಾಪಸ್ ಬರುವುದಿಲ್ಲ ಅಲ್ವಾ, ಅದನ್ನೂ ಬಿಟ್ಟೆವು. ಆಮೇಲೆ ಎರಡು ಪೂರ್ತಿ ವಾರ. ಹದಿನೇಳನೇ ದಿನ ಅಕ್ಟೋಬರ್ 17, ಶುಕ್ರವಾರ.

ಹಾಗಾದರೆ 17 ಅಂತ ಹೇಳಬೇಕಾ? ಇಲ್ಲ. ಅದು ನಮ್ಮ ಕೆಲಸ ಮುಗಿಯುವ ದಿನ, ಗಿರಾಕಿ ಅದನ್ನು ನಂಬಿ ಬಳಸುವ ದಿನ ಅಲ್ಲ. ವ್ಯಾಪಾರಿ ಒಂದೆರಡು ದಿನ ಹಳೇ ಪುಸ್ತಕದ ಜೊತೆಗೆ ಇದರಲ್ಲೂ ಲೆಕ್ಕ ಬರೆದು ತಾಳೆ ನೋಡಬೇಕು. ಅದರಲ್ಲಿ ನಮ್ಮ ಕೆಲಸದ ಗಂಟೆ ಹೆಚ್ಚಿಲ್ಲ, ಆದರೆ ದಿನ ಮಾತ್ರ ಹೋಗುತ್ತದೆ. ಕಾಯುವ ಹೊತ್ತಲ್ಲಿ ಬೇರೆ ಭಾಗ ಮಾಡುತ್ತಿದ್ದರೆ ತಾರೀಕು ಮುಂದೆ ಹೋಗುವುದಿಲ್ಲ. ಕೊನೆಯಲ್ಲಿ ಬರುವ ಕಾಯುವಿಕೆಯನ್ನು ಮಾತ್ರ ಪೂರ್ತಿ ಸೇರಿಸಲೇಬೇಕು. 17ರ ನಂತರ ಬರುವುದೇ ದೀಪಾವಳಿ. 20 ನರಕ ಚತುರ್ದಶಿ, 22 ಬಲಿಪಾಡ್ಯಮಿ. ನಡುವಿನ ಮಂಗಳವಾರ ಯಾವ ವ್ಯಾಪಾರಿಯೂ ಹೊಸ ಸಾಫ್ಟ್‌ವೇರ್ ಹಿಡಿದು ಕೂರುವುದಿಲ್ಲ. 23, 24 ತಾಳೆ ನೋಡಲು ಹೋದರೆ, ಬಳಕೆಗೆ ಬರುವುದು 27, ಸೋಮವಾರ.

ಅಕ್ಟೋಬರ್ 1 ಎಲ್ಲಿ, 27 ಎಲ್ಲಿ! ಎರಡೂ ಹುಟ್ಟಿದ್ದು ಅದೇ 60 ಗಂಟೆಯಿಂದ. ಯಜಮಾನರಿಗೆ ಮೊದಲು ಬೇಜಾರಾಯಿತು. ಕ್ಯಾಲೆಂಡರ್ ಮುಂದಿಟ್ಟು ಒಂದೊಂದು ವಾರ ತೋರಿಸಿದ ಮೇಲೆ ಒಪ್ಪಿದರು.

ತಾರೀಕು ಹೇಳಿದ ಮೇಲೂ ಬಫರ್ ಮೇಲೆ ಕಣ್ಣಿಡಬೇಕು. ಹೆಚ್ಚು ಅಪಾಯದ ಕೆಲಸ ಅಂತ ಹಳೇ ಲೆಕ್ಕವನ್ನೇ ಮೊದಲು ಹಿಡಿದೆವು. ಒಬ್ಬನೇ ರೈತನ ಹೆಸರು ಎಕ್ಸೆಲ್‌ನಲ್ಲಿ ಮೂರು ಥರ ಇತ್ತು. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಬರೀ ಊರಿನ ಹೆಸರು. ಬಾಕಿ ಯಾರದ್ದು ಅಂತ ಒಂದೊಂದನ್ನೂ ಕೇಳಿ ತಿಳಿಯಬೇಕಾಯಿತು. 8 ಗಂಟೆಯ ಕೆಲಸ 20 ಆಯಿತು. ದಾಸ್ತಾನು ಪರದೆ 10ರ ಬದಲು 11. ಅಂದರೆ 60ರಲ್ಲಿ 18 ಗಂಟೆಯ ಕೆಲಸ ಮುಗಿಯುವಷ್ಟರಲ್ಲಿ 24ರ ಬಫರ್‌ನಲ್ಲಿ 13 ಖರ್ಚು. ಮೂರನೇ ಒಂದು ಭಾಗ ಕೆಲಸವೂ ಆಗಿಲ್ಲ, ಬಫರ್ ಅರ್ಧಕ್ಕಿಂತ ಜಾಸ್ತಿ ಹೋಗಿದೆ. ಕೆಲಸಕ್ಕಿಂತ ಬಫರ್ ಬೇಗ ಕರಗುತ್ತಿದ್ದರೆ ಅವತ್ತೇ ಫೋನ್ ಮಾಡಬೇಕು, ಕೊನೆಯ ವಾರದವರೆಗೆ ಕಾಯಬಾರದು.

ಮಾಡಿದೆವು. "ವರದಿಗಳಲ್ಲಿ ಯಾವುದು ಆಮೇಲೆ ಬಂದರೂ ನಡೆಯುತ್ತೆ ಹೇಳಿ ಯಜಮಾನರೇ" ಅಂತ ಕೇಳಿದೆ. ಅವರು ಯೋಚಿಸಲೂ ಇಲ್ಲ. "ವರ್ಷದ ವರದಿ ಮಾರ್ಚ್‌ಗೆ ತಾನೇ ಬೇಕಾಗೋದು, ಅದನ್ನ ಬಿಡಪ್ಪ. ದಿನದ ಬಾಕಿ ಪಟ್ಟಿ ಮಾತ್ರ ತಪ್ಪಿಸಬೇಡ." ಅಲ್ಲಿಗೆ 5 ಗಂಟೆ ಉಳಿಯಿತು, 27 ಹಾಗೇ ನಿಂತಿತು.