ಸತ್ಯಾಂಶ: ಮಸಿ ಕಾಣದಿದ್ದರೂ ಸೀಮೆಎಣ್ಣೆಯ ಹೊಗೆ ಇರುತ್ತದೆ

“ಬತ್ತಿ ಸ್ಟೌ ನೀಲಿಯಾಗಿ ಉರಿದರೆ ವಿಷಗಾಳಿ ಬರುವುದಿಲ್ಲ, ಕಿಟಕಿ ಮುಚ್ಚಿ ಮಲಗಬಹುದು, ನಿಜವೇ?”

ನಿಜವಲ್ಲ. ಉರಿ ನೀಲಿಯಾದಾಗ ಮಸಿ ಕಡಿಮೆಯಾಗುವುದು ಹೌದಾದರೂ, ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮತ್ತು ಉಸಿರ್ನಾಳವನ್ನು ಕೆರಳಿಸುವ ನೈಟ್ರೋಜನ್ ಡೈಆಕ್ಸೈಡ್ ಆಗಲೂ ಹೊರಬರುತ್ತಿರುತ್ತವೆ. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ತಗ್ಗಿದಂತೆ ಉರಿ ಇನ್ನಷ್ಟು ಕೆಡುತ್ತದೆ. ಸ್ಟೌ ಉರಿಯುವಾಗ ಮನೆಯವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ತಲೆನೋವು, ವಾಕರಿಕೆ ಬಂದು, ಹೊರಗೆ ಹೋದೊಡನೆ ಹಗುರವೆನಿಸಿದರೆ ಕಾರಣ ಆ ಗಾಳಿಯೇ ಇರಬಹುದು; ತಕ್ಷಣ ಎಲ್ಲರೂ ಹೊರಬಂದು ವೈದ್ಯರನ್ನು ಕಾಣಬೇಕು.

ಗಾಜಿಲ್ಲದ ಬುಡ್ಡಿದೀಪದ ಕಥೆ ಇನ್ನೂ ಕೆಟ್ಟದು. ಅದರಲ್ಲಿ ಉರಿದ ಪ್ರತಿ 100 ಗ್ರಾಂ ಎಣ್ಣೆಯಲ್ಲಿ ಸುಮಾರು 7ರಿಂದ 9 ಗ್ರಾಂ ಕಪ್ಪು ಮಸಿಯಾಗಿ ಗಾಳಿಗೆ ಸೇರುತ್ತದೆಂದು ಅಳತೆಗಳು ತೋರಿಸಿವೆ. ಉರಿಯ ಮೇಲೆ ಸ್ಟೀಲ್ ತಟ್ಟೆಯನ್ನು ಇಕ್ಕಳದಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಕಾಡಿಗೆಯಂತೆ ಅಂಟುವುದು ಅದೇ. ದೀಪಕ್ಕೆ ಮುಖವಿಟ್ಟು ಓದುವ ಮಗು ಉಸಿರಾಡುವುದೂ ಅದನ್ನೇ. ಗಾಜಿನ ಲಾಟೀನು ಮಸಿಯನ್ನು ಬಹಳ ತಗ್ಗಿಸುತ್ತದೆ, ಆದರೆ ಅನಿಲವನ್ನು ತಡೆಯದು.

ವಿಶ್ವ ಆರೋಗ್ಯ ಸಂಸ್ಥೆ 2014ರ ಮಾರ್ಗಸೂಚಿಯಲ್ಲೇ ಮನೆಯೊಳಗೆ ಸೀಮೆಎಣ್ಣೆ ಬಳಸದಿರುವುದು ಒಳಿತೆಂದಿದೆ. ಕರೆಂಟಿಲ್ಲದ ಮನೆಗೆ ಸೋಲಾರ್ ಎಲ್‌ಇಡಿ ಲಾಟೀನು ತಕ್ಕ ಬದಲಿ, ಫಲಕದ ಮೇಲೆ ಮರದ ನೆರಳು ಬೀಳದಂತೆ ಇಟ್ಟರೆ. ಮೋಡ ಕವಿದ ಮಳೆಗಾಲದ ದಿನಗಳಿಗೆ ಚಾರ್ಜ್ ಆಗುವ ಟಾರ್ಚೊಂದು ಜೊತೆಗಿರಲಿ.