ಮೈಕಿನ ಮುಂದಿನ ಮೊದಲ ಜೋಕು

"ಊಟಕ್ಕೂ ನಿಮಗೂ ಮಧ್ಯೆ ಈಗ ನಾನೊಬ್ಬನೇ ಅಡ್ಡ" ಎಂಬ ಜೋಕನ್ನು ಒಂದು ಸಮಾರಂಭದಲ್ಲಿ ಒಬ್ಬರಷ್ಟೇ ಹೇಳಬಹುದು ಅಂತ ಯಾರಾದರೂ ಕಾನೂನು ಮಾಡಬಾರದೇ? ಮೊದಲು ಹೇಳಿದವರಿಗೆ ನಗು ಸಿಕ್ಕಿರುತ್ತದೆ. ತಡವಾಗಿ ಬಂದ ಮುಖ್ಯ ಅತಿಥಿಗಳು ಅದನ್ನೇ ಹೊಸದಾಗಿ ಹೇಳುತ್ತಾರೆ, ಸಭೆ ಗಡಿಯಾರ ನೋಡುತ್ತದೆ. ನಾಡಗೀತೆಗೇ 2022ರಲ್ಲಿ ಸರ್ಕಾರ 2 ನಿಮಿಷ 30 ಸೆಕೆಂಡು ಗೊತ್ತುಮಾಡಿತು. ಸ್ವಾಗತ ಭಾಷಣಕ್ಕೆ ಮಾತ್ರ ಇನ್ನೂ ಯಾವ ಆದೇಶವೂ ಬಂದಿಲ್ಲ.

ಮೇಷ್ಟ್ರೊಬ್ಬರ ಬೀಳ್ಕೊಡುಗೆ ಅಂತಿಟ್ಟುಕೊಳ್ಳಿ. ಮಧ್ಯಾಹ್ನ ಒಂದೂವರೆ, ನಾಲ್ಕನೇ ಭಾಷಣ, ಹಿಂದಿನ ಬಾಗಿಲಿಂದ ಒಗ್ಗರಣೆ ವಾಸನೆ. ಭಾಷಣಕಾರರು "ಮೇಷ್ಟ್ರಿಗೆ ಇನ್ಮೇಲೆ ಮನೆಯಲ್ಲಿ ಹೆಡ್‌ಮಿಸ್ಟ್ರೆಸ್ ಕಾಟ" ಅಂತ ಶುರುಮಾಡಿದರೆ ಜನ ತಕ್ಷಣ ನಗುವುದಿಲ್ಲ, ಮುಂದಿನ ಸಾಲಿನಲ್ಲಿ ಕೂತ ಮೇಷ್ಟ್ರ ಹೆಂಡತಿಯ ಮುಖ ನೋಡುತ್ತಾರೆ. ಆಕೆ ಸೆರಗು ಸರಿಮಾಡಿಕೊಂಡರೆ ಮುಗಿಯಿತು. ಯಾರನ್ನು ಕುರಿತು ಹಾಸ್ಯವೋ ಅವರು ನಕ್ಕ ಮೇಲೇ ಉಳಿದವರಿಗೆ ನಗಲು ಅಪ್ಪಣೆ. ಅದೇ ಮನುಷ್ಯ "ಮೇಷ್ಟ್ರು ಒಂದು ದಿನವೂ ಗಂಟೆ ತಡಮಾಡಿದವರಲ್ಲ. ಇವತ್ತು ನಮ್ಮಿಂದಾಗಿ ಊಟದ ಗಂಟೆ ಹೊಡೆಯೋರೇ ಇಲ್ಲ" ಅಂದಿದ್ದರೆ ಮೇಷ್ಟ್ರಿಗೆ ಮೆಚ್ಚುಗೆ, ಭಾಷಣಕಾರರಿಗೇ ಏಟು, ಹಸಿವಂತೂ ಎಲ್ಲರದು.

ಇದರಲ್ಲೂ ಒಂದು ಕುಂದಿದೆ. ನಗಿಸುವ ಮಾತು "ಊಟದ ಗಂಟೆ". ಅದರ ಹಿಂದೆ "ಹೊಡೆಯೋರೇ ಇಲ್ಲ" ಅಂತ ಬಾಲ. ಜನ ನಗಲು ಬಾಯಿ ತೆರೆಯುವಾಗ ಭಾಷಣಕಾರರು ಇನ್ನೂ ಮಾತಾಡುತ್ತಿರುತ್ತಾರೆ. ತಿರುವಿಹಾಕಿ: "ಇವತ್ತು ಮಾತ್ರ ಇನ್ನೂ ಹೊಡೆದಿಲ್ಲ, ಊಟದ ಗಂಟೆ." ಆಮೇಲೆ ಬಾಯಿ ಮುಚ್ಚಿ ನಿಲ್ಲಬೇಕು. ನಗು ಏರಿ ಅರ್ಧ ಇಳಿಯುವವರೆಗೆ ಮುಂದಿನ ವಾಕ್ಯ ಬೇಡ.

ಇನ್ನು ಮೈಕು. ಹಿಂದಿನವರು ಆರಡಿ ಆಳು, ಮೈಕು ಅವರ ಗಲ್ಲದ ಮಟ್ಟಕ್ಕಿದೆ. ಈಗ ಬಂದವರು ಐದಡಿ. ಕತ್ತು ಚಾಚಿಕೊಂಡೇ ಜೋಕಿನ ಮೊದಲರ್ಧ ಹೇಳಿಬಿಡುತ್ತಾರೆ, ಅದು ಮೊದಲೆರಡು ಸಾಲಿಗಷ್ಟೇ ಕೇಳಿಸುತ್ತದೆ. ಅಷ್ಟರಲ್ಲಿ ಸೌಂಡ್ ಸಿಸ್ಟಮ್ ಹುಡುಗ ಓಡಿಬಂದು ಸ್ಟ್ಯಾಂಡ್ ತಿರುಗಿಸುತ್ತಾನೆ, ಕುಂಯ್ ಅಂತ ಕೂಗು, ಆಮೇಲೆ ಉಳಿದರ್ಧ. ಹಿಂದೆ ಕೂತವರಿಗೆ ಕೇಳಿಸುವುದು ತಲೆಬುಡವಿಲ್ಲದ ಒಂದು "ಊಟದ ಗಂಟೆ" ಅಷ್ಟೇ. ಕಲ್ಯಾಣಮಂಟಪವಾದರೆ ಗೋಡೆಗೆ ಬಡಿದು ಬರುವ ಸದ್ದು ಬೇರೆ. ಆದ್ದರಿಂದ ಮೊದಲ ವಾಕ್ಯ ವ್ಯರ್ಥವಾದರೂ ನಷ್ಟವಿಲ್ಲದ್ದಾಗಿರಲಿ. "ಎಲ್ಲರಿಗೂ ನಮಸ್ಕಾರ" ಇರುವುದೇ ಅದಕ್ಕೆ. ಅದು ಹಿಂದಿನ ಸಾಲಿಗೆ ತಲುಪಿತೇ ಅಂತ ನೋಡಿಕೊಂಡು ಜೋಕಿಗೆ ಕೈಹಾಕಬಹುದು. ಮೈಕನ್ನು ಬೆರಳಲ್ಲಿ ಕುಟ್ಟುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಬಿಪಿ ಏರುತ್ತದೆ.

"ಒಂದು ತಮಾಷೆ ಹೇಳ್ತೀನಿ" ಅಂತ ಮೊದಲೇ ಸಾರುವವರಿಗೆ ಸಭೆ ಕೈಕಟ್ಟಿ "ಎಲ್ಲಿ, ನಗಿಸು" ಅಂತ ಕೂರುತ್ತದೆ. ಯಾರೂ ನಗದಿದ್ದರೆ ಜೋಕೇ ಅಲ್ಲವೆಂಬಂತೆ ಮುಂದಿನ ಮಾತಿಗೆ ಹೋಗಬಹುದು, ಅದು ಜೋಕೆಂದು ಅರ್ಧ ಜನಕ್ಕೆ ಗೊತ್ತೇ ಆಗುವುದಿಲ್ಲ. "ಯಾಕೆ, ಅರ್ಥವಾಗ್ಲಿಲ್ವಾ?" ಅಂತ ವಿವರಿಸಲು ನಿಂತವರ ಹೆಸರನ್ನು ಮಾತ್ರ ಮುಂದಿನ ವರ್ಷ ಆಹ್ವಾನಪತ್ರಿಕೆಯಲ್ಲಿ ಗೌರವ ಉಪಸ್ಥಿತಿಗೆ ಇಳಿಸಿರುತ್ತಾರೆ.